ಒಂದು ಬೇರು, ಏಳೆಂಟು ಬಾಲ: ಟರ್ಕಿಶ್ ಪದಗಳನ್ನು ಬಿಡಿಸಿ ಓದೋಣ

ಗೆಲೆಮೆಯೆಜೆಕ್ಲೆರ್ಮಿಶ್.

ಸಂಜೆ ಊಟಕ್ಕೆ ಕರೆದಿದ್ದವರು ಏನಂದ್ರು ಅಂತ ಕೇಳಿದರೆ, ಇಸ್ತಾನ್ಬುಲ್‌ನ ಗೆಳೆಯ ಮೆಸೇಜಲ್ಲಿ ಈ ಒಂದು ಪದ ಕಳಿಸಿ ಸುಮ್ಮನಾಗಬಹುದು. ಅರ್ಥ ಪೂರ್ತಿ ಇದೆ: "ಅವರಿಗೆ ಬರೋಕಾಗಲ್ವಂತೆ." ಬಿಡಿಸಿದರೆ ಹೀಗೆ:

ಗೆಲ್ - ಎಮೆ - ಯ್ - ಎಜೆಕ್ - ಲೆರ್ - ಮಿಶ್

ಗೆಲ್ ಅಂದ್ರೆ ಬರು. ಎಮೆ ಅಂದ್ರೆ ಕೈಲಾಗದು. ಎಜೆಕ್ ಅಂದ್ರೆ ಮುಂದೆ ಆಗುವ ಮಾತು. ಲೆರ್ ಅಂದ್ರೆ ಅವರು. ಕೊನೆಯ ಮಿಶ್ ನಮ್ಮ "ಅಂತೆ". ನಡುವೆ ಇರುವ ಯ್‌ಗೆ ಅರ್ಥವೇ ಇಲ್ಲ. ಎರಡು ಸ್ವರ ಡಿಕ್ಕಿ ಹೊಡೆಯಬಾರದು ಅಂತ ಬಂದು ಕೂತಿದೆ, ಅಷ್ಟೆ. ಮನೆ + ಅನ್ನು = ಮನೆಯನ್ನು ಅಂತ ಹೈಸ್ಕೂಲಲ್ಲಿ ಬಾಯಿಪಾಠ ಮಾಡಿದ ಯಕಾರಾಗಮ ಸಂಧಿ ಇದೇ. ಆದೇಶ ಸಂಧಿಯಂಥದ್ದೂ ಇದೆ: ಕಿತಾಪ್ (ನಮ್ಮ ಕಿತಾಬು) ಮುಂದೆ "ನನ್ನ" ಅನ್ನುವ ಬಾಲ ಬಂದರೆ ಪ ಹೋಗಿ ಬ ಆಗುತ್ತೆ, ಕಿತಾಬುಮ್. ಮಳೆಗಾಲ, ಬೆಟ್ಟದಾವರೆ ಅಂತ ಬಿಡಿಸಿ ಅಭ್ಯಾಸ ಇದ್ದವರಿಗೆ ಇದೆಲ್ಲ ಹಳೇ ಪರಿಚಯ.

ಉಚ್ಚಾರದ ಬಗ್ಗೆ ಒಂದೆರಡು ಮಾತು ಹೇಳಿ ಮುಂದೆ ಹೋಗ್ತೀನಿ. 1928ರಿಂದ ಟರ್ಕಿಶ್ ಬರೆಯೋದು ರೋಮನ್ ಅಕ್ಷರದಲ್ಲಿ, ಆದರೆ ಇಂಗ್ಲಿಷಿನ ಸಿ ಕಂಡರೆ ಅದನ್ನು ಜ ಅಂತ ಓದಬೇಕು. ಚುಕ್ಕೆ ಇಲ್ಲದ ಐ ಅಂತ ಒಂದು ಅಕ್ಷರ ಇದೆ, ಅದನ್ನು ನಾನಿಲ್ಲಿ ಉ ಅಂತ ಬರೆದಿದ್ದೀನಿ. ನಿಜವಾಗಿ ಅದು ತುಟಿ ದುಂಡಗೆ ಮಾಡದೆ ಅನ್ನುವ ಉ. ತುಳು ಮನೆಮಾತಿನವರಿಗೆ ಇದು ಸಲೀಸು, ತುಳು ಪದಗಳ ಕೊನೆಯಲ್ಲಿ ಬರುವ ಅರೆ ಉಕಾರ ಹೆಚ್ಚುಕಮ್ಮಿ ಇದೇ.

ಬಾಲಗಳು ಬೇರಿನ ಸ್ವರ ನೋಡಿಕೊಂಡು ವೇಷ ಬದಲಿಸುತ್ತವೆ. ಎವ್ (ಮನೆ) ಆದರೆ ಎವ್‌ಲೆರ್, ಕಿತಾಪ್ ಆದರೆ ಕಿತಾಪ್‌ಲಾರ್. ಲೆರ್, ಲಾರ್ ಎರಡೂ ಒಂದೇ "ಗಳು". ದೆ-ದಾ, ದೆನ್-ದಾನ್, ಎಮೆ-ಅಮಾ ಕೂಡ ಹಾಗೇ. ಬೇರಿನ ಕೊನೆಯ ಸ್ವರ ಎ, ಇ ಗುಂಪಿನದಾದರೆ ಬಾಲದಲ್ಲೂ ಅದೇ ಗುಂಪು. ಆ, ಉ ಗುಂಪಿನದಾದರೆ ಬಾಲವೂ ಆ ಕಡೆ. ಮೊದಮೊದಲು ತಲೆಬಿಸಿ ಆಗುತ್ತೆ. ಬಾಯಿಗೆ ಹತ್ತಿದ ಮೇಲೆ ತಪ್ಪು ಹೇಳೋದೇ ಕಷ್ಟ.

ಈಗ ಒಂದು ನಾಮಪದ:

ಎವ್ - ಲೆರ್ - ಇಮಿಜ಼್ - ದೆ - ಕಿ - ಲೆರ್ - ದೆನ್

"ನಮ್ಮ ಮನೆಗಳಲ್ಲಿರುವವರಿಂದ." ಇದರ ಪಕ್ಕದಲ್ಲೇ ಕನ್ನಡ ಇಟ್ಟು ನೋಡಿ: ಮನೆ - ಗಳ್ - ಅಲ್ಲಿ - ಇರುವ - ಅವರ್ - ಇಂದ. ಎವ್‌ಗೆ ಮನೆ, ಲೆರ್‌ಗೆ ಗಳು, ದೆಗೆ ಅಲ್ಲಿ, ಕಿಗೆ ಇರುವ, ಇನ್ನೊಂದು ಲೆರ್‌ಗೆ ಅವರು, ದೆನ್‌ಗೆ ಇಂದ. ಕ್ರಮ ಕೂಡ ಅದೇ! ಒಂದೇ ಒಂದು ತುಂಡು ಹೆಚ್ಚಿಗೆ, ಇಮಿಜ಼್. ಅದು "ನಮ್ಮ". ನಾವು ಅದನ್ನು ಮುಂದೆ ಬೇರೆ ಪದವಾಗಿ ಇಡ್ತೀವಿ, ಅವರು ಒಳಗೆ ತುರುಕುತ್ತಾರೆ. ಅದಕ್ಕೂ ಜಾಗ ಗೊತ್ತುಮಾಡಿದೆ: ಮೊದಲು ಗಳು, ಆಮೇಲೆ ನಮ್ಮ, ಆಮೇಲೆ ವಿಭಕ್ತಿ. ಆ ಕಿ ಇದೆಯಲ್ಲ, ಅದು ಬಂದರೆ ಲೆಕ್ಕ ಮತ್ತೆ ಮೊದಲಿಂದ ಶುರು. ಅದರ ಮೇಲೆ ಮತ್ತೊಮ್ಮೆ ಲೆರ್ ಹಾಕಬಹುದು, ವಿಭಕ್ತಿ ಹಾಕಬಹುದು.

ಇಷ್ಟು ಹೊಂದಿಕೆ ಕಂಡರೆ ಎರಡು ಭಾಷೆಗೂ ನೆಂಟಸ್ತಿಕೆ ಇರಬೇಕು ಅನ್ನಿಸೋದು ಸಹಜ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ರಾಬರ್ಟ್ ಕಾಲ್ಡ್‌ವೆಲ್ ಕೂಡ ಟರ್ಕಿಶ್ ಸೇರಿದ ದೊಡ್ಡ ಗುಂಪೊಂದರ ಜತೆ ನಂಟು ಕಟ್ಟಿದ್ದರು. ಈಗ ಅದನ್ನು ಭಾಷಾವಿಜ್ಞಾನಿಗಳು ಒಪ್ಪಲ್ಲ. ಪದ ಕಟ್ಟುವ ರೀತಿ ಒಂದೇ, ಮನೆತನ ಬೇರೆ ಬೇರೆ.

ಮತ್ತೆ ಮಿಶ್ ಕಡೆ ಬರೋಣ, ಯಾಕಂದ್ರೆ ಇಂಗ್ಲಿಷ್ ಮೂಲಕ ಟರ್ಕಿಶ್ ಕಲಿಯುವವರು ಒದ್ದಾಡೋದೇ ಇಲ್ಲಿ, ನಮಗೆ ಇದು ಬಿಟ್ಟಿ ಸಿಕ್ಕಿದ್ದು. ಗೆಲ್‌ದಿ ಅಂದ್ರೆ ಬಂದ, ನಾನೇ ನೋಡಿದೆ. ಗೆಲ್‌ಮಿಶ್ ಅಂದ್ರೆ ಬಂದನಂತೆ. ಕತೆ ಹೇಳುವಾಗಲೂ ಮಿಶ್ ಬೇಕು: "ಬಿರ್ ವಾರ್‌ಮುಶ್, ಬಿರ್ ಯೊಕ್‌ಮುಶ್" ಅಂತ ಅಲ್ಲಿನ ಅಜ್ಜಿಕತೆ ಶುರುವಾಗುತ್ತೆ. ಒಂದ್ಸಲ ಇತ್ತಂತೆ, ಒಂದ್ಸಲ ಇರಲಿಲ್ಲವಂತೆ. ನಮ್ಮಲ್ಲೂ ರಾಜ "ಇದ್ದನಂತೆ" ಅಲ್ವಾ?

ಆದರೆ ಪೂರ್ತಿ ನಂಬಬೇಡಿ. ಮಿಶ್‌ನ ಹರವು ಅಂತೆಗಿಂತ ಜಾಸ್ತಿ. ಯಾರೂ ಏನೂ ಹೇಳಿಲ್ಲ, ಬಾಗಿಲ ಹೊರಗೆ ತಮ್ಮನ ಚಪ್ಪಲಿ ಕಂಡಿತು, ಆಗಲೂ ಗೆಲ್‌ಮಿಶ್ ಅನ್ನಬಹುದು. ಕನ್ನಡದಲ್ಲಿ ಅಲ್ಲಿ ಅಂತೆ ಹಾಕಿದರೆ ತಪ್ಪಾಗುತ್ತೆ, "ಬಂದಿರೋ ಹಾಗಿದೆ" ಅನ್ನಬೇಕು. ಸೋಫಾ ಮೇಲೆ ತೂಕಡಿಸಿ ದಡಬಡ ಎದ್ದವನು ಉಯುಮುಶುಮ್ ಅಂತಾನೆ. ಉಯು - ಮುಶ್ - ಉಮ್, ನಿದ್ದೆ ಮಾಡು - ಅಂತೆ - ನಾನು. "ಅಯ್ಯೋ, ನಿದ್ದೆ ಹೋಗ್ಬಿಟ್ಟಿದ್ದೀನಿ!" ತಾನು ಮಲಗಿದ್ದಕ್ಕೆ ತಾನೇ ಸಾಕ್ಷಿ ಅಲ್ಲವಲ್ಲ, ಅದಕ್ಕೆ ಮಿಶ್. ನಾವು "ನಿದ್ದೆ ಮಾಡಿದ್ನಂತೆ" ಅಂದರೆ ಬೇರೆ ಯಾರೋ ಬಂದು ಹೇಳಿದರು ಅಂತಲೇ ಅರ್ಥ.

ಇನ್ನು ಕ್ರಿಯಾಪದದ ಹೊಟ್ಟೆ ಹೇಗೆ ಉಬ್ಬುತ್ತೆ ಅಂತ ನೋಡಿ:

ಪಿಶ್ - ಇರ್ - ತ್ - ಎಮೆ - ದಿ - ಕ್

ಪಿಶ್ ಅಂದ್ರೆ ಬೇಯು. ಪಿಶಿರ್ ಅಂದ್ರೆ ಬೇಯಿಸು. ಇರ್ ನಮ್ಮ ಇಸು. ಅದರ ಮೇಲೆ ತ್ ಬಂದರೆ ಇನ್ನೊಂದು ಇಸು, ಅಂದ್ರೆ ಬೇರೆಯವರ ಕೈಲಿ ಬೇಯಿಸೋದು. ನಾವು ಬೇಯಿಸು ಆದ ಮೇಲೆ ಇನ್ನೊಂದು ಇಸು ಅಂಟಿಸಲ್ಲ, "ಅಡುಗೆಯವರ ಕೈಲಿ" ಅಂತ ಬಿಡಿಸಿ ಹೇಳ್ತೀವಿ. ಎಮೆ ಆಗಲೇ ಗೊತ್ತು, ಕೈಲಾಗದು. ದಿ ಅಂದ್ರೆ ಆಗಿಹೋದದ್ದು, ಕ್ ಅಂದ್ರೆ ನಾವು. ಬಂದೆವು ಅನ್ನುವಾಗ ಕೊನೆಯ ಎವು ಮಾಡುವ ಕೆಲಸವನ್ನು ಇಲ್ಲಿ ಕ್ ಮಾಡುತ್ತೆ. ಒಟ್ಟು ಅರ್ಥ: "ಬೇರೆಯವರ ಕೈಲಿ ಬೇಯಿಸೋಕೆ ನಮಗಾಗಲಿಲ್ಲ."

ಇದೇ ಎಮೆಗೆ ಒಂದು ಜೋಡಿ ಇದೆ, ನನಗೆ ತುಂಬಾ ಇಷ್ಟದ್ದು. ಆಗುತ್ತೆ ಅನ್ನೋಕೆ ಟರ್ಕಿಶ್ ಬಳಸೋದು ಬಿಲ್. ಬಿಲ್ ಅಂದರೆ ತಿಳಿ, ಗೊತ್ತಿರು. ಗೆಲ್ - ಎಬಿಲ್ - ಇರ್ - ಇಮ್ ಅಂದ್ರೆ ಬರಬಲ್ಲೆ. ಈ ಇರ್ ಪಿಶಿರ್‌ನಲ್ಲಿದ್ದ ಇಸು ಅಲ್ಲ, ಕಾಲ ಹೇಳುವ ಬೇರೆ ಬಾಲ. ಇಮ್ ಅಂದ್ರೆ ನಾನು. ನಮ್ಮ "ಬಲ್ಲೆ" ಕೂಡ ಮೂಲದಲ್ಲಿ ತಿಳಿದಿದ್ದೇನೆ ಅಂತ ತಾನೇ? "ನಾ ಬಲ್ಲೆ" ಅಂದರೆ ನನಗೆ ಗೊತ್ತು, "ಮಾಡಬಲ್ಲೆ" ಅಂದರೆ ನನ್ನಿಂದ ಆಗುತ್ತೆ. ಬಿಲ್, ಬಲ್ ಅಂತ ಸದ್ದು ಹೊಂದಿದ್ದು ಕಾಕತಾಳೀಯ, ಹಿಗ್ಗಬೇಕಾಗಿಲ್ಲ. ಸ್ವಾರಸ್ಯ ಇರೋದು ಇಲ್ಲ ಅನ್ನುವಾಗ. ನಾವು ಬಲ್ಲೆಯನ್ನು ಬಿಟ್ಟು "ಬರಲಾರೆ" ಅಂತೀವಿ. ಅವರೂ ಬಿಲ್ ಬಿಟ್ಟು ಎಮೆ ಹಿಡೀತಾರೆ. ಗೆಲೆಮೆಮ್, ಬರಲಾರೆ. ಎಮೆ ಆದಮೇಲೆ ಮತ್ತೆ ಬಿಲ್ ಬಂದರೆ ಅದು ಶಕ್ತಿಯ ಮಾತಲ್ಲ, "ಬಹುದು". ಗೆಲೆಮೆಯೆಬಿಲಿರ್ ಅಂದ್ರೆ ಬರೋಕೆ ಆಗದೇ ಇರಬಹುದು.

ಟರ್ಕಿಶ್ ಉದ್ದ ಪದ ಅಂದ ತಕ್ಷಣ ಎಲ್ಲರೂ ಎತ್ತುವ ಉದಾಹರಣೆ ಒಂದಿದೆ:

ಚೆಕೊಸ್ಲೊವಾಕ್ಯಾ - ಲು - ಲಾಶ್ - ತುರ್ - ಅಮಾ - ದುಕ್ - ಲಾರ್ - ಉಮುಜ಼್ - ದಾನ್ ಮು - ಸುನುಜ಼್?

ಲು ಅಂದ್ರೆ ಆ ಊರಿನವ (ಅಂಕಾರಾಲು ಅಂದ್ರೆ ಅಂಕಾರಾದವ). ಲಾಶ್ ಅಂದ್ರೆ ಆಗು. ತುರ್ ಮತ್ತೆ ಇಸು. ಅಮಾ ಕೈಲಾಗದು. ದುಕ್ ಸ್ವಲ್ಪ ನಿಂತು ನೋಡಬೇಕಾದ್ದು. "ಅವರು ಇಷ್ಟಪಟ್ಟ ಪುಸ್ತಕ" ಅನ್ನೋಕೆ ಸೆವ್‌ದಿಕ್‌ಲೆರಿ ಕಿತಾಪ್ ಅಂತಾರೆ. ಯಾವುದನ್ನು, ಯಾರನ್ನು ಅಂತ ಸುತ್ತುಬಳಸು ಇಲ್ಲ, ನಮ್ಮ ಹಾಗೇ ನೇರ "ಇಷ್ಟಪಟ್ಟ". ಅದರಲ್ಲಿರುವ ದಿಕ್ ಅನ್ನುವ ಬಾಲವೇ ಇಲ್ಲಿ ದುಕ್ ಆಗಿದೆ. ಮಾಡಿದವರು ಯಾರು ಅನ್ನೋದನ್ನು ಮಾತ್ರ ಅವರು ಒಡೆತನದ ಬಾಲದಲ್ಲಿ ಹೇಳ್ತಾರೆ, ಅದಕ್ಕೇ ಉಮುಜ಼್, ನಮ್ಮ. ನಡುವಿನ ಲಾರ್ ಅಂದ್ರೆ ಅವರು, ದಾನ್ ಅಂದ್ರೆ ಇಂದ, ಇಲ್ಲಿ "ಅವರ ಪೈಕಿ" ಅನ್ನುವ ಅರ್ಥದಲ್ಲಿ. ಮು ನಮ್ಮ ಪ್ರಶ್ನೆಯ ಆ, ಸುನುಜ಼್ ನೀವು. "ನಮ್ಮಿಂದ ಚೆಕೊಸ್ಲೊವಾಕಿಯಾದವರನ್ನಾಗಿ ಮಾಡೋಕಾಗದವರ ಪೈಕಿ ನೀವೂ ಒಬ್ಬರಾ?" ಬರೆಯುವಾಗ ಮು ಮೊದಲು ಜಾಗ ಬಿಡಬೇಕು, ಹಾಗಾಗಿ ಕಟ್ಟುನಿಟ್ಟಾಗಿ ನೋಡಿದರೆ ಇದು ಎರಡು ಪದ. ಆ ದೇಶ 1992ರ ಕೊನೆಗೆ ಎರಡು ಹೋಳಾಯಿತು, ಪದ ಮಾತ್ರ ಗಟ್ಟಿಯಾಗಿದೆ.

ಇದಕ್ಕಿಂತ ದೊಡ್ಡದು ಬೇಕು ಅನ್ನೋರಿಗೆ, ರೋಮನ್‌ನಲ್ಲಿ 70 ಅಕ್ಷರದ ಒಂದು ರಾಕ್ಷಸ:

ಮುವಫ್ಫಕಿಯೆತ್ - ಸಿಜ಼್ - ಲೆಶ್ - ತಿರ್ - ಇಜಿ - ಲೆಶ್ - ತಿರ್ - ಇವೆರ್ - ಎಮೆ - ಯ್ - ಎಬಿಲ್ - ಎಜೆಕ್ - ಲೆರ್ - ಇಮಿಜ಼್ - ದೆನ್ - ಮಿಶ್ - ಸಿನಿಜ಼್ - ಜೆಸಿನೆ

ಬೇರು ಅರಬ್ಬಿಯಿಂದ ಬಂದದ್ದು, ಯಶಸ್ಸು ಅಂತ. ಸಿಜ಼್ ಅಂದ್ರೆ ಇಲ್ಲದ. ಲೆಶ್, ತಿರ್ ಮೇಲೆ ಬಂದವೇ, ವೇಷ ಬೇರೆ. ಇಜಿ ಅಂದ್ರೆ ಮಾಡುವವ. ಅಲ್ಲಿಗೆ "ಸೋಲುವಂತೆ ಮಾಡುವವ" ಆಯಿತು. ಮತ್ತೆ ಲೆಶ್, ತಿರ್ ಬಂದು ಅಂಥವನನ್ನಾಗಿ ಮಾಡು ಆಯಿತು. ಇವೆರ್ ಬಂದಿದ್ದು ವೆರ್‌ನಿಂದ, ಅಂದ್ರೆ ಕೊಡು. ಆದರೆ ಇಲ್ಲಿ ಅದು ಮಾಡೋದು ನಮ್ಮ "ಬಿಡು"ವಿನ ಕೆಲಸ: ಗೆಲಿವೆರ್ ಅಂದ್ರೆ ಬಂದ್‌ಬಿಡು. ಎಮೆ-ಯ್-ಎಬಿಲ್ ಅಂದ್ರೆ ಆಗದೇ ಇರಬಹುದು. ಎಜೆಕ್ ಇಲ್ಲಿ ದುಕ್‌ನ ಮುಂದಿನ ಕಾಲದ ಅಣ್ಣ. ಲೆರ್-ಇಮಿಜ಼್-ದೆನ್ ಈಗಾಗಲೇ ನೋಡಿದ್ದು. ಮಿಶ್, ಆಮೇಲೆ ಸಿನಿಜ಼್ ಅಂದ್ರೆ ನೀವು, ಕೊನೆಗೆ ಜೆಸಿನೆ ಅಂದ್ರೆ "ಎನ್ನುವ ಹಾಗೆ". ಒಟ್ಟಿಗೆ ಓದಿ: "ಬೇರೆಯವರನ್ನು ಸೋಲುವಂತೆ ಮಾಡುವವರನ್ನಾಗಿ ಸಲೀಸಾಗಿ ಮಾಡಿಬಿಡೋಕೆ ನಮ್ಮಿಂದ ಆಗದೇ ಇರಬಹುದಾದವರ ಪೈಕಿ ನೀವೂ ಒಬ್ಬರು ಎನ್ನುವ ಹಾಗೆ."

ಇದನ್ನು ಯಾರೂ ಬೀದಿಯಲ್ಲಿ ಆಡಲ್ಲ. ತಮಾಷೆಗೆ ಕಟ್ಟಿದ್ದು. ದಿನಾ ಕಣ್ಣಿಗೆ ಬೀಳೋದು ಚಿಕ್ಕವೇ. ಒಳಗೆ ಹೋಗಬಾರದ ರಸ್ತೆಯಲ್ಲಿ ಗಿರ್ - ಇಲ್ - ಮೆಜ಼್ ಅಂತ ಬೋರ್ಡ್, ಒಳಹೋಗು - ಅಲ್ಪಡು - ಇಲ್ಲ. ಸಿಗರೇಟ್ ಬೇಡ ಅನ್ನೋ ಕಡೆ ಇಚ್ - ಇಲ್ - ಮೆಜ಼್, ಕುಡಿ - ಅಲ್ಪಡು - ಇಲ್ಲ. ಹೌದು, ಅವರು ಸಿಗರೇಟನ್ನು ಕುಡಿಯುತ್ತಾರೆ, ನಾವು ಸೇದುತ್ತೇವೆ. ಬಾಗಿಲ ಮೇಲೆ ಇತಿನಿಜ಼್ ಅಂತ ಇದ್ದರೆ ತಳ್ಳಿರಿ, ಚೆಕಿನಿಜ಼್ ಅಂತ ಇದ್ದರೆ ಎಳೆಯಿರಿ. ಇನಿಜ಼್ ನಮ್ಮ ಇರಿ.

ಈಗ ಒಂದನ್ನು ನೀವೇ ಬಿಡಿಸಿ, ತುಂಡುಗಳೆಲ್ಲ ಮೇಲೆ ಬಂದಿವೆ: ಗೆಲೆಮೆಯೆಬಿಲಿರ್ಮಿಶ್ಸಿನಿಜ಼್. ಸುಳಿವು ಬೇಕಾದರೆ, ಊಟಕ್ಕೆ ಕರೆದವರಿಗೆ ಇನ್ನೊಬ್ಬರ ಬಾಯಿಂದ ಸುದ್ದಿ ಮುಟ್ಟಿದೆ, ಅವರೀಗ ನಿಮಗೇ ಫೋನ್ ಮಾಡಿ ಕೇಳ್ತಿದಾರೆ.