ಬೆಳಗಿನ ನಮಸ್ಕಾರ

ಸಂಕ್ರಾಂತಿ ಕಳೆದ ವಾರ. ಬೆಳಿಗ್ಗೆ ಎಂಟೂಕಾಲು. ನಾನು ಅಂಗಡಿಯ ಶಟರ್ ಎತ್ತುತ್ತಿದ್ದೆ. ಎದುರುಮನೆ ಸರೋಜಮ್ಮನವರ ಗೇಟು ಕಿರ್ ಎಂದಿತು. ತಿರುಗಿ ನೋಡಿದರೆ ಒಬ್ಬ ಹೆಂಗಸು ರಸ್ತೆ ದಾಟಿ ನೇರವಾಗಿ ನನ್ನ ಹತ್ತಿರವೇ ಬರುತ್ತಿದ್ದರು. ಮೂವತ್ತರ ಆಸುಪಾಸು. ಹೆಗಲಿಗೆ ಬಟ್ಟೆಯ ಚೀಲ. ನನ್ನೆದುರು ನಿಂತು ಒಂದು ಉಸಿರು ಎಳೆದುಕೊಂಡರು. ಕಣ್ಣಲ್ಲಿ ಕಣ್ಣಿಟ್ಟು ನೋಡಿದರು.

"ನ...ಮಸ್ಕಾರ. ತಿಂಡಿ ಆಯ್ತಾ?"

"ಆಯ್ತು" ಎಂದೆ. ನಿಜಕ್ಕೂ ಆಗಿರಲಿಲ್ಲ.

ಅವರು ತಲೆಯಾಡಿಸಿ ಹೊರಟರು. ನಾನು ಅರ್ಧ ಎತ್ತಿದ ಶಟರ್ ಹಿಡಿದುಕೊಂಡೇ ನಿಂತಿದ್ದೆ.

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮದು ಹಳೇ ಮನೆ. ಮುಂದಿನ ಕೋಣೆಯೇ ಬೈಂಡಿಂಗ್ ಅಂಗಡಿ. ಅಪ್ಪ ಶುರು ಮಾಡಿದ್ದು. ಹಿಂದೆ ನಾನು ಮತ್ತು ಅಮ್ಮ. ನನಗಾಗ ನಲವತ್ತೊಂದು. ಎರಡು ಕಡೆ ಹೆಣ್ಣು ನೋಡಿ, ಎರಡೂ ಮುರಿದು, ಅಮ್ಮ ಆ ಮಾತು ಎತ್ತುವುದನ್ನೇ ಬಿಟ್ಟಿದ್ದಳು. ದಿನಕ್ಕೆ ಎಷ್ಟೋ ಜನ ಅಂಗಡಿಗೆ ಬರುತ್ತಾರೆ. "ಎಷ್ಟಾಗತ್ತೆ, ಯಾವಾಗ ಕೊಡ್ತೀರಿ" ಅಷ್ಟೇ. ತಿಂಡಿ ಆಯ್ತಾ ಎಂದು ಹೊರಗಿನವರೊಬ್ಬರು ನಿಂತು ಕೇಳಿ ವರ್ಷಗಳೇ ಆಗಿದ್ದವು.

ಮರುದಿನವೂ ಬಂದರು. ಅದರ ಮರುದಿನವೂ. ಅದೇ ಹೊತ್ತು, ಅದೇ ಮಾತು. ಭಾನುವಾರ ಮಾತ್ರ ಇಲ್ಲ.

ಅಮ್ಮನಿಂದ ತಿಳಿದದ್ದು ಇಷ್ಟು. ಸರೋಜಮ್ಮನವರ ಅಕ್ಕನ ಮಗಳು. ಊರು ಅರಸೀಕೆರೆ. ಏನೋ ಕೋರ್ಸಿಗೆ ಅಂತ ಬಂದು ಚಿಕ್ಕಮ್ಮನ ಮನೆಯಲ್ಲಿದ್ದಾಳೆ. ಮದುವೆ ಆಗಿಲ್ಲ. ಈ ಕೊನೆಯ ಮಾತನ್ನು ಅಮ್ಮ ಹುರುಳಿಕಾಯಿ ಮುರಿಯುತ್ತಾ, ನನ್ನ ಮುಖ ನೋಡದೆ ಹೇಳಿದಳು.

ಬೇರೆ ಯಾರ ಹತ್ತಿರವೂ ಅವರು ಹಾಗೆ ನಿಂತು ಮಾತಾಡುತ್ತಿರಲಿಲ್ಲ. ನಾನು ಗಮನಿಸಿದ್ದೆ. ಇಸ್ತ್ರಿಯವನಿಗೆ ಬಟ್ಟೆ ಕೊಟ್ಟು ಕೈಸನ್ನೆ ಮಾಡಿ ಬರುತ್ತಿದ್ದರು. ಪಕ್ಕದ ಮನೆಯವರು ಏನಾದರೂ ಕೇಳಿದರೆ ಬರೀ ನಗು. ನನಗೆ ಮಾತ್ರ ಮಾತು. ಅದೂ ಹೇಗೆ! ಮೊದಲು ಒಂದು ಉಸಿರು. ಆಮೇಲೆ ಆ 'ನ' ಅಕ್ಷರವನ್ನು ಮೆತ್ತಗೆ ಎಳೆದು, ಬಿಡಲೋ ಬೇಡವೋ ಎಂಬಂತೆ ಬಿಡುವುದು. ಕಿವಿ ಕೆಂಪಾಗುತ್ತಿತ್ತು. ಚೀಲದ ಹಿಡಿ ಹಿಡಿದ ಬೆರಳು ಬಿಗಿಯುತ್ತಿತ್ತು. ಆದರೂ ಕಣ್ಣು ಮಾತ್ರ ಕೆಳಗಿಳಿಯುತ್ತಿರಲಿಲ್ಲ. ಇಷ್ಟು ನಾಚಿಕೆ ಇಟ್ಟುಕೊಂಡೂ ದಿನಾ ಬಂದು ನಿಲ್ಲುತ್ತಾರಲ್ಲ, ಇದಕ್ಕೆ ಬೇರೆ ಯಾವ ಹೆಸರಿದೆ ಎಂದು ನನ್ನನ್ನೇ ಕೇಳಿಕೊಂಡೆ.

ಒಂದು ದಿನ ಅವರು ಹೊಸ ಮಾತು ತೆಗೆದರು. "ನಿಮ್ಮ ಅಂ... ಅಂ..."

"ಅಂಗಡೀನಾ? ಒಂಬತ್ತರವರೆಗೂ ತೆರೆದಿರತ್ತೆ" ಎಂದೆ, ಖುಷಿಯಿಂದ.

ಅವರ ಮುಖ ಇಳಿದುಹೋಯಿತು. ಏನೂ ಹೇಳದೆ ಹೊರಟುಬಿಟ್ಟರು. ನನ್ನ ಸಲುಗೆ ಜಾಸ್ತಿ ಆಯಿತೇನೋ, ಇನ್ನೂ ಬೇಗ ಎಂದು ಅವರಿಗೆ ಅನಿಸಿತೇನೋ ಎಂದುಕೊಂಡೆ.

ಶುಕ್ರವಾರ ಸಂಜೆ ಸರೋಜಮ್ಮನ ಮನೆಯಲ್ಲಿ ದೇವರನಾಮ ಹಾಡುತ್ತಿದ್ದರು. ಆ ದನಿಗಳ ನಡುವೆ ಅವರ ದನಿ ನನಗೆ ಬೇರೆಯಾಗಿ ಕೇಳುತ್ತಿತ್ತು. ಎಲ್ಲೂ ತಡೆಯಿಲ್ಲ, ನೀರು ಹರಿದ ಹಾಗೆ. ಹಾಳೆ ಹೊಲಿಯುತ್ತಾ ಕೂತಿದ್ದರೆ ದಬ್ಬಳ ಕೈಯಲ್ಲೇ ನಿಂತುಬಿಡುತ್ತಿತ್ತು.

ಮಾರ್ಚ್ ಬಂತು, ಮಲ್ಲಿಗೆ ಬಂತು. ದೇವರಾಜ ಮಾರುಕಟ್ಟೆಗೆ ಹೋಗಿ ಒಂದು ಮೊಳ ತಂದೆ. ಬಾಳೆ ಎಲೆಯಲ್ಲಿ ಸುತ್ತಿ ಷರಟಿನ ಜೇಬಲ್ಲಿಟ್ಟುಕೊಂಡೆ. ಅವರು ಬಂದರು, ಕೇಳಿದರು, ಹೋದರು. ಕೈ ಜೇಬಿನವರೆಗೆ ಹೋಗಿ ವಾಪಸ್ ಬಂತು. ಜೇಬು ಒದ್ದೆಯಾಗಿತ್ತು. ಹೂವನ್ನು ಅಮ್ಮ ದೇವರಿಗೆ ಮುಡಿಸಿದಳು. ಹೀಗೆ ನಾಲ್ಕು ಸಲವಾದರೂ ಆಗಿರಬೇಕು. ಪ್ರತಿ ಸಲವೂ ಅಮ್ಮ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಅದು ಇವತ್ತಿಗೂ ನೆನಪಾಗುತ್ತದೆ.

ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದರೆ ನನಗೆ ಇನ್ನೊಂದು ಕೆಲಸ ಶುರು. ಮಕ್ಕಳ ಹಳೇ ನೋಟ್‌ಬುಕ್‌ಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಬಿಡಿಸಿ, ಒಟ್ಟು ಸೇರಿಸಿ ಹೊಲಿದು, ರಟ್ಟು ಹಾಕಿ ರಫ್ ಬುಕ್ ಮಾಡಿಕೊಡುವುದು. ಈಗ ಕಡಿಮೆಯಾಗಿದೆ, ಆದರೂ ಕೆಲವು ಮನೆಯವರು ಬಿಟ್ಟಿಲ್ಲ. ಸರೋಜಮ್ಮ ಮೊಮ್ಮಕ್ಕಳ ಪುಸ್ತಕಗಳ ಕಟ್ಟು ತಂದು ಹಾಕಿ, "ಎರಡು ದಪ್ಪ ಬುಕ್ ಆದ್ರೂ ಆಗಬೇಕಪ್ಪ" ಎಂದು ಹೋದರು.

ರಾತ್ರಿ ಕೂತು ಬಿಡಿಸುತ್ತಿದ್ದೆ. ಬರೆದ ಹಾಳೆ ಒಂದು ಕಡೆ, ಖಾಲಿ ಹಾಳೆ ಒಂದು ಕಡೆ. ಮಗ್ಗಿ, ಕಾಪಿ, ಹೃದಯದ ಚಿತ್ರ. ನಡುವೆ ಒಂದು ನೂರು ಪುಟದ ಪುಸ್ತಕ. ದೊಡ್ಡವರ ಅಕ್ಷರ. ಮೊದಲ ಪುಟದಲ್ಲೇ ಹೀಗಿತ್ತು.

"ಮಾತಿಗೆ ಮುಂಚೆ ಉಸಿರು. ಮೊದಲ ಅಕ್ಷರ ಮೆತ್ತಗೆ, ಎಳೆದು. ಕಣ್ಣು ನೋಡಿ ಮಾತಾಡು, ತಪ್ಪಿಸಬೇಡ."

ಅಲ್ಲಿಗೇ ಮುಚ್ಚಬೇಕಿತ್ತು. ಮುಚ್ಚಲಿಲ್ಲ. ನಾನು ಮಾಡಿದ ತಪ್ಪುಗಳಲ್ಲಿ ಇದೂ ಒಂದು.

ಮುಂದಿನ ಪುಟದಲ್ಲಿ ಮೆಟ್ಟಿಲುಗಳ ಪಟ್ಟಿ. ಸುಲಭದಿಂದ ಕಷ್ಟಕ್ಕೆ. ಒಂದನೇ ಮೆಟ್ಟಿಲು: "ಎದುರು ಬೈಂಡಿಂಗ್‌ನವರು. ನಮಸ್ಕಾರ, ತಿಂಡಿ ಆಯ್ತಾ. ದಿನಾ. ಅವಸರ ಮಾಡಲ್ಲ, ಕಾಯ್ತಾರೆ." ಎರಡು: ಹಾಲಿನ ಬೂತು. ಮೂರು: ಆಟೋದವರಿಗೆ ವಿಳಾಸ. ಆರು: ಫೋನಿನಲ್ಲಿ ಅಪರಿಚಿತರು. ಕೊನೆಯದು ಒಂಬತ್ತು: "ಕ್ಲಾಸಿನ ಮುಂದೆ ನಿಂತು ನನ್ನ ಹೆಸರು."

ಆಮೇಲೆ ಪುಟ ತುಂಬ ತಾರೀಕು. ಪ್ರತಿ ತಾರೀಕಿನ ಮುಂದೆ ಒಂದು ಗುರುತು. ಸರಾಗವಾಗಿ ಬಂದರೆ ಸರಿ, ತಡೆದರೆ ಅಡ್ಡಗೆರೆ. ನಾನು ಎಣಿಸಿಕೊಂಡು ಬದುಕಿದ ಬೆಳಗುಗಳೆಲ್ಲ ಅಲ್ಲಿದ್ದವು, ಇನ್ನೊಂದು ಲೆಕ್ಕದಲ್ಲಿ.

ಏನೋ ಕೋರ್ಸು ಎಂದರೆ ಯಾವುದೆಂದು ಆಗ ತಿಳಿಯಿತು. ಮಾನಸಗಂಗೋತ್ರಿ ಹತ್ತಿರದ ಸ್ಪೀಚ್ ಅಂಡ್ ಹಿಯರಿಂಗ್. 1965ರಲ್ಲಿ ಶುರುವಾದ ಸಂಸ್ಥೆ, ನಮ್ಮ ಮನೆಯಿಂದ ನಡೆದೇ ಹೋಗಬಹುದು. ಆ ಗೇಟಿನ ಮುಂದೆ ಸೈಕಲ್ ತುಳಿದುಕೊಂಡೇ ನಾನು ಬೆಳೆದವನು. ಒಳಗೆ ಉಗ್ಗು ಇರುವವರು ಬರುತ್ತಾರೆ ಎಂದು ಗೊತ್ತಿತ್ತು. ಉಗ್ಗುವವರು ಹಾಡುವಾಗ ಸಾಮಾನ್ಯವಾಗಿ ಉಗ್ಗುವುದಿಲ್ಲ, ತಮ್ಮ ಹೆಸರು ಹೇಳುವುದೇ ಎಷ್ಟೋ ಜನಕ್ಕೆ ಎಲ್ಲಕ್ಕಿಂತ ಕಷ್ಟ ಎಂಬುದು ಮಾತ್ರ ಗೊತ್ತಿರಲಿಲ್ಲ. ಆ ಪುಸ್ತಕದಲ್ಲಿ ಅದೂ ಇತ್ತು. ಬಿ.ಎಡ್. ಓದುವಾಗ ಹಾಜರಿ ಕರೆದರೆ 'ಪ್ರೆಸೆಂಟ್' ಎನ್ನಲು ಆಗದೆ, ಮೊದಲ ಬೆಂಚಿನಲ್ಲಿ ಕೂತಿದ್ದೂ ಗೈರುಹಾಜರಿ ಹಾಕಿಸಿಕೊಂಡದ್ದು. ನಾಲ್ಕು ಸಾಲು ಅಷ್ಟೇ ಬರೆದಿದ್ದರು.

ಫೆಬ್ರವರಿಯ ಒಂದು ಪುಟದಲ್ಲಿ: "ಇವತ್ತು 'ನಿಮ್ಮ ಅಂಗಡಿ ಎಷ್ಟು ವರ್ಷದ್ದು' ಕೇಳಬೇಕಿತ್ತು. ಅವರೇ ನನ್ನ ಮಾತು ಮುಗಿಸಿಬಿಟ್ಟರು. ಬರ್ತಿತ್ತು. ಇನ್ನೊಂದು ಸ್ವಲ್ಪ ಬಿಟ್ಟಿದ್ದರೆ ಬರ್ತಿತ್ತು."

ಕೊನೆಯ ಪುಟಗಳು ಮಾರ್ಚಿನವು.

"ಜೇಬಲ್ಲಿ ಹೂವು. ನನಗೇ ಇರಬೇಕು. ಒಳ್ಳೆಯವರು. ನನ್ನ ಮನಸ್ಸಲ್ಲಿ ಹಾಗೇನಿಲ್ಲ. ಕೊಟ್ಟರೆ 'ಬೇಡ' ಅನ್ನಬೇಕು. 'ಬೇ' ಬರಲ್ಲ. ಸುಮ್ಮನೆ ನಕ್ಕರೆ ತಪ್ಪು ತಿಳೀತಾರೆ. ನಮಸ್ಕಾರ ನಿಲ್ಲಿಸೋಕೂ ಮನಸ್ಸಿಲ್ಲ. ಕನ್ನಡಿ ಮುಂದೆ 20 ಸಲ."

ಅದರ ಕೆಳಗೆ ಬೇಡ, ಬೇಡ, ಬೇಡ ಎಂದು ಪುಟದ ತುದಿಯವರೆಗೆ. ಒಂದೊಂದರ ಮುಂದೆಯೂ ಅಡ್ಡಗೆರೆ. ಎಲ್ಲೋ ಎರಡು ಕಡೆ ಸರಿ.

ಬಹಳ ಹೊತ್ತು ಹಾಗೇ ಕೂತಿದ್ದೆ. ಕಲಸಿಟ್ಟ ಮೈದಾ ಅಂಟು ಗಟ್ಟಿಯಾಯಿತು. ಅವರಿಗೆ ನನ್ನ ಮೇಲೆ ಪ್ರೀತಿ ಇಲ್ಲ ಎಂಬುದು ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ಆ ಅಡ್ಡಗೆರೆಗಳನ್ನು ನೋಡಲು ಆಗಲಿಲ್ಲ. ನನ್ನ ಜೇಬಿನ ಒಂದು ಮೊಳ ಹೂವಿಗೆ ಹೆದರಿ ಒಬ್ಬರು ರಾತ್ರಿ ಕನ್ನಡಿ ಮುಂದೆ ನಿಂತು ಒಂದು ಅಕ್ಷರದ ಜೊತೆ ಗುದ್ದಾಡುತ್ತಿದ್ದರು. ನಾನು ಇಲ್ಲಿ ಅವರ ದನಿ ನೆನೆಸಿಕೊಂಡು ನಗುತ್ತಾ ಮಲಗುತ್ತಿದ್ದೆ.

ಹೊಸದಾಗಿ ಅಂಟು ಕಾಯಿಸಿದೆ. ಆ ಪುಸ್ತಕದ ಬೆನ್ನು ಹರಿದಿತ್ತು. ಹಾಳೆಗಳನ್ನು ಸರಿಮಾಡಿ ಮತ್ತೆ ಹೊಲಿದೆ. ಹಿಂದುಗಡೆ ಖಾಲಿ ಹಾಳೆ ಸೇರಿಸಿದೆ, ಒಳ್ಳೆಯ ಹಾಳೆ. ಕೆಂಪು ಕ್ಯಾಲಿಕೋ ಬಟ್ಟೆ ಹಚ್ಚಿ, ಮೇಲೆ ಭಾರ ಇಟ್ಟು ಒಣಗಲು ಬಿಟ್ಟೆ.

ಮರುದಿನ ಎಂಟೂಕಾಲು. ಗೇಟು ಕಿರ್ ಎಂದಿತು.

"ನ...ಮಸ್ಕಾರ. ತಿಂಡಿ ಆಯ್ತಾ?"

"ಇಲ್ಲ, ಇನ್ನೂ ಆಗಿಲ್ಲ" ಎಂದೆ. ನಿಜ ಹೇಳಿದ್ದು ಅದೇ ಮೊದಲು. ಪುಸ್ತಕ ಮುಂದೆ ಹಿಡಿದೆ. "ಇದು ಮಕ್ಕಳ ಕಟ್ಟಿನಲ್ಲಿ ಬಂದಿತ್ತು. ನಾನು ಓದಿಬಿಟ್ಟೆ. ಓದಬಾರದಿತ್ತು. ತಪ್ಪಾಯ್ತು."

ಅವರ ಮುಖದಲ್ಲಿ ರಕ್ತ ಇಳಿಯಿತು. ಪುಸ್ತಕ ತೆಗೆದುಕೊಂಡು ಎದೆಗೆ ಒತ್ತಿಕೊಂಡರು. ಓಡಿಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ.

"ಹೂವು ಇನ್ನು ತರಲ್ಲ" ಎಂದೆ. "ನೀವು ಏನೂ ಹೇಳಬೇಕಾಗಿಲ್ಲ. ನನಗೆ ತಿಳೀತು."

ಅವರು ತಲೆ ಅಡ್ಡ ಆಡಿಸಿದರು. ಹಾಗಲ್ಲ ಎನ್ನುವಂತೆ ಕೈ ಎತ್ತಿ ನನ್ನನ್ನು ತಡೆದರು. ಅವರಿಗೆ ಹೇಳಬೇಕಿತ್ತು. ನಾನು ಮತ್ತೆ ಅವರ ಮಾತನ್ನು ಮುಗಿಸಲು ಹೊರಟಿದ್ದೆ.

ನಾನು ಬಾಯಿ ಮುಚ್ಚಿದೆ.

ಅವರು ಉಸಿರು ಎಳೆದುಕೊಂಡರು. ತುಟಿ ಕೂಡಿಕೊಂಡವು. ಬಿಡಲಿಲ್ಲ. ಗಂಟಲಿನ ನರ ಎದ್ದಿತು. ಕಣ್ಣು ಒಂದು ಕ್ಷಣ ಮುಚ್ಚಿ, ಮತ್ತೆ ತೆರೆದು ನನ್ನನ್ನೇ ನೋಡಿತು. ನಾನೂ ನೋಡುತ್ತಾ ನಿಂತೆ. ಹಿಂದೆ ನಮ್ಮ ಅಡುಗೆಮನೆಯಲ್ಲಿ ಕುಕ್ಕರ್ ಒಂದು ಸಲ ಕೂಗಿತು. ರಸ್ತೆಯಲ್ಲಿ ಸೊಪ್ಪಿನವಳು ಹೋದಳು. ತುಟಿ ಬಿಡಿಸಿಕೊಂಡು ಅವರು ಇನ್ನೊಂದು ಉಸಿರು ತೆಗೆದುಕೊಂಡರು, ಈ ಸಲ ನಿಧಾನವಾಗಿ. ಕುಕ್ಕರ್ ಎರಡನೇ ಸಲ ಕೂಗಿತು.

"ಬೇ...ಡ."

ಹೇಳಿದ್ದು ತಮ್ಮ ಕಿವಿಗೇ ಬಿದ್ದ ಮೇಲೆ ಅವರ ಮುಖ ಅರಳಿತು. ಮೂರು ತಿಂಗಳಲ್ಲಿ ಆ ನಗು ನಾನು ನೋಡಿರಲಿಲ್ಲ. ಕಣ್ಣಲ್ಲಿ ನೀರು ನಿಂತಿತ್ತು, ನನಗೂ.

"ಆಯ್ತು" ಎಂದೆ.

ಅವರು ಚೀಲದಲ್ಲಿ ತಡಕಾಡಿ ಪೆನ್ಸಿಲ್ ತೆಗೆದರು. ಅಂಗಡಿಯ ಮೇಜಿನ ಮೇಲೆ ಪುಸ್ತಕ ಬಿಚ್ಚಿ, ನಾನು ರಾತ್ರಿ ಸೇರಿಸಿದ ಮೊದಲ ಖಾಲಿ ಹಾಳೆ ಹುಡುಕಿ, ಆ ದಿನದ ತಾರೀಕು ಬರೆದರು. ಅದರ ಮುಂದೆ ಒಂದು ಸರಿ ಗುರುತು ಹಾಕಿದರು.