ಓದುವ ಹವ್ಯಾಸದ ಬೆಲೆ

ಪ್ರತಿ ವರ್ಷ ಜೂನ್ 19ರಂದು ನಮ್ಮ ಕಾಸರಗೋಡಿನ ಶಾಲೆಗಳಲ್ಲಿ ವಾಚನಾ ದಿನ ಆಚರಿಸುತ್ತೇವೆ. ಕೇರಳದಲ್ಲಿ ಗ್ರಂಥಾಲಯ ಚಳವಳಿ ಕಟ್ಟಿದ ಪಿ. ಎನ್. ಪಣಿಕ್ಕರ್ ಅವರು 1995ರಲ್ಲಿ ತೀರಿಕೊಂಡ ದಿನ ಅದು. ಹೊರಗೆ ಜೋರು ಮಳೆ, ಒಳಗೆ ಪ್ರತಿಜ್ಞೆ, ಪೋಸ್ಟರ್, ರಸಪ್ರಶ್ನೆ. ಒಂದು ವಾರ ಚೆನ್ನಾಗಿ ಕಳೆಯುತ್ತದೆ. ಆಮೇಲೆ ಪುಸ್ತಕಗಳು ಕಪಾಟು ಸೇರುತ್ತವೆ. ನಿಜವಾದ ಓದು ಶುರುವಾಗಬೇಕಾದ್ದು ಆ ವಾರ ಮುಗಿದ ಮೇಲೆಯೇ.

ಗಡಿನಾಡಿನ ನಮಗೆ ಓದು ಇನ್ನೂ ಜಾಸ್ತಿ ಬೇಕು. 1956ರ ನವೆಂಬರ್ 1ರಿಂದ ಕಾಸರಗೋಡು ಕೇರಳದಲ್ಲಿದೆ. ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ಆಫೀಸಿನ ಅರ್ಜಿ ಹೆಚ್ಚಾಗಿ ಮಲಯಾಳಂನಲ್ಲಿ ಇರುತ್ತವೆ. ನನ್ನ ತರಗತಿಯವರ ಮನೆಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಮರಾಟಿ, ಮಲಯಾಳಂ ಕೇಳಿಸುತ್ತದೆ. ಹವ್ಯಕರ ಮನೆಯಲ್ಲಿ ಮಾತಾಡುವ ಕನ್ನಡವೂ ಪಾಠದ ಕನ್ನಡಕ್ಕಿಂತ ಬೇರೆ. ಇಷ್ಟು ಭಾಷೆ ಕಿವಿಗೆ ಬೀಳುವುದು ನಮ್ಮ ಭಾಗ್ಯ. ಆದರೆ ಪಾಠ ಬರೆಯುವ ಕನ್ನಡ ದಾರಿಯಲ್ಲಿ ಸುಮ್ನೆ ಸಿಗುವುದಿಲ್ಲ. ಕರ್ನಾಟಕದ ಮಕ್ಕಳು ಬೀದಿಯಲ್ಲಿ ಓದಿಕೊಳ್ಳುವ ಎಷ್ಟೋ ಪದಗಳನ್ನು ನಾವು ಪುಸ್ತಕದಿಂದಲೇ ಪಡೆಯಬೇಕು. ನಮ್ಮ ಕನ್ನಡವು ಶಾಲೆಯ ಗೋಡೆಯೊಳಗೆ ನಿಲ್ಲದೆ ಬೆಳೆಯುವುದಕ್ಕೆ ಓದಿಗಿಂತ ಹತ್ತಿರದ ದಾರಿ ನನಗೆ ಕಾಣುವುದಿಲ್ಲ.

ನಮ್ಮ ಅಜ್ಜಿಗೆ ಈಗ ಸಣ್ಣ ಅಕ್ಷರ ಕಾಣುವುದಿಲ್ಲ. ಸಂಜೆ ಜಗಲಿಯಲ್ಲಿ ಕೂತು ನಾನು ಅವರಿಗೆ ಪೇಪರ್ ಓದಿ ಹೇಳುತ್ತೇನೆ. ಮೊದಲು ಅಡಿಕೆಯ ಧಾರಣೆ, ಆಮೇಲೆ ಮರಣದ ಸುದ್ದಿ, ಕೊನೆಗೆ ಉಳಿದದ್ದು. ನಡುವೆ ಅಜ್ಜಿ, "ಹಾಗೆಂದರೆ ಏನು ಮಗಾ?" ಎಂದು ಕೇಳುತ್ತಾರೆ. ಆಗ ನನಗೆ ಗೊತ್ತಾಗುತ್ತದೆ, ನಾನು ಸಾಲು ಓದಿದ್ದೇನೆ, ವಿಷಯ ತಲೆಗೆ ಹೋಗಿಲ್ಲ ಎಂದು. ಹಿಂದಕ್ಕೆ ಹೋಗಿ ನಿಧಾನವಾಗಿ ಓದುತ್ತೇನೆ. ಇನ್ನೊಬ್ಬರಿಗೆ ಅರ್ಥವಾಗುವಂತೆ ಹೇಳಲು ಬಂದಾಗಲೇ ಓದಿದ್ದು ನಮ್ಮದಾಗುತ್ತದೆ. ಗಟ್ಟಿಯಾಗಿ ಓದಿದರೆ ಉಚ್ಚಾರವೂ ತಿದ್ದಿಕೊಳ್ಳುತ್ತದೆ. ಅಲ್ಪಪ್ರಾಣ, ಮಹಾಪ್ರಾಣ ಎಲ್ಲಿ ತಪ್ಪುತ್ತದೆ ಎಂದು ಕಿವಿಯೇ ಹೇಳುತ್ತದೆ.

ಓದು ಮನುಷ್ಯನನ್ನು ಎಲ್ಲಿಗೆ ಕೊಂಡೊಯ್ಯಬಲ್ಲದು ಎನ್ನಲು ನಮ್ಮ ಮಂಜೇಶ್ವರದ ಗೋವಿಂದ ಪೈಗಳಿದ್ದಾರೆ. ಮದರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ತಂದೆ ತೀರಿಕೊಂಡದ್ದರಿಂದ ಅವರು ಪದವಿ ಮುಗಿಸದೆ ಊರಿಗೆ ಮರಳಿದರು. ಕಾಲೇಜು ನಿಂತಿತು, ಓದು ನಿಲ್ಲಲಿಲ್ಲ. ಮನೆಯಲ್ಲೇ ಪುಸ್ತಕ ತರಿಸಿಕೊಂಡು ಹಲವು ಭಾಷೆ ಕಲಿತರು. ಕವಿತೆ ಬರೆದರು, ಇತಿಹಾಸದ ಸಂಶೋಧನೆ ಮಾಡಿದರು. 1949ರಲ್ಲಿ ಆಗಿನ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಎಂಬ ಗೌರವ ಕೊಟ್ಟಿತು. ಅಂಥವರು ಬಾಳಿದ ಮನೆ ಇಲ್ಲೇ ನಮ್ಮ ಜಿಲ್ಲೆಯಲ್ಲಿದೆ ಎನ್ನುವುದು ನನಗೆ ತುಂಬಾ ಹೆಮ್ಮೆಯ ವಿಷಯ.

ಪರೀಕ್ಷೆಗೂ ಓದಿನ ಹವ್ಯಾಸ ನೆರವಾಗುತ್ತದೆ. ಗಣಿತದಲ್ಲಿ ಲೆಕ್ಕ ಗೊತ್ತಿದ್ದೂ ತಪ್ಪುವವರಿದ್ದಾರೆ, ಪ್ರಶ್ನೆಯನ್ನು ಅರ್ಧ ಓದಿ ಬರೆಯಲು ಶುರು ಮಾಡಿರುತ್ತಾರೆ.

ಆದರೆ ಅಂಕಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಕಥೆ ಓದುವಾಗ ನಾವು ಸ್ವಲ್ಪ ಹೊತ್ತು ಬೇರೆಯವರಾಗಿ ಬದುಕುತ್ತೇವೆ. ಮೀನುಗಾರನ ಮಗಳಾಗುತ್ತೇವೆ, ಊರು ಬಿಟ್ಟು ಹೋದ ಮುದುಕನಾಗುತ್ತೇವೆ. ಅವರ ಸಂಕಟ ನಮ್ಮ ಹೊಟ್ಟೆಯಲ್ಲಿ ತಳಮಳ ಹುಟ್ಟಿಸುತ್ತದೆ. ಮಾರನೇ ದಿನ ತರಗತಿಯಲ್ಲಿ ಒಬ್ಬ ಮಾತಾಡದೆ ಮೂಲೆಯಲ್ಲಿ ಕೂತರೆ, ಏನಾಗಿರಬಹುದು ಎಂದು ಯೋಚಿಸುವ ಮನಸ್ಸು ಬಂದಿರುತ್ತದೆ. ಮೊಬೈಲ್‌ನಲ್ಲೂ ಕಥೆಗಳಿವೆ, ಅಲ್ವಾ ಎಂದು ಗೆಳೆಯರು ಕೇಳುತ್ತಾರೆ. ಇವೆ. ಆದರೆ ಒಂದು ವಿಡಿಯೋ ಮನಸ್ಸಿಗೆ ಇಳಿಯುವ ಮೊದಲೇ ಇನ್ನೊಂದು ಬಂದುಬಿಡುತ್ತದೆ. ಪುಸ್ತಕ ಹಿಡಿದರೆ ಓಟ ನಮ್ಮ ಕೈಯಲ್ಲಿರುತ್ತದೆ. ಇಷ್ಟವಾದ ಪುಟದಲ್ಲಿ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು.

ಈ ಹವ್ಯಾಸ ಒತ್ತಾಯದಿಂದ ಬರುವಂಥದ್ದಲ್ಲ. ದಪ್ಪ ಪುಸ್ತಕದಿಂದ ಶುರು ಮಾಡಬೇಕೆಂದೂ ಇಲ್ಲ. ಯಕ್ಷಗಾನ ಇಷ್ಟವೇ, ಪ್ರಸಂಗದ ಕಥೆ ಓದಲಿ. ಕ್ರಿಕೆಟ್ ಇಷ್ಟವೇ, ಆಟದ ಪುಟ ಓದಲಿ. ಹಿಡಿಸದಿದ್ದರೆ ಅರ್ಧಕ್ಕೇ ಬಿಟ್ಟು ಬೇರೆಯದು ತೆಗೆದುಕೊಳ್ಳಲಿ. ಓದಿದ ಮೇಲೆ "ಏನು ಕಲಿತೆ?" ಎಂದು ಕೂಡಲೇ ಕೇಳದಿದ್ದರೆ ಒಳ್ಳೆಯದು. ಖುಷಿಗಾಗಿ ಓದಿದವನು ಮತ್ತೆ ಪುಸ್ತಕ ಹುಡುಕಿಕೊಂಡು ಬರುತ್ತಾನೆ.

ಶಾಲೆಗಳಲ್ಲಿ ಒಂದು ಕೆಲಸ ಆದರೆ ಸಾಕು. ವಾರದ ಲೈಬ್ರರಿ ಪೀರಿಯಡನ್ನು ಬಾಕಿ ಉಳಿದ ಪಾಠಕ್ಕೆ ತೆಗೆದುಕೊಳ್ಳಬಾರದು. ಹತ್ತನೇ ತರಗತಿಯವರಿಗೂ ಅದು ಇರಬೇಕು. ಕಪಾಟಿನ ಬೀಗ ತೆಗೆದು, ಪುಸ್ತಕಗಳನ್ನು ಬೆಂಚಿನ ಮೇಲೆ ಹರಡಿ, ಬೇಕಾದ್ದನ್ನು ನಾವೇ ಆರಿಸಿ ಮನೆಗೆ ಒಯ್ಯಲು ಬಿಡಬೇಕು.