ಊಹೆಯ ‘ಸಿ’: ಸ್ಪ್ಯಾನಿಷ್ ಬಿ2 ತರಗತಿಗೆ ಒಂದು ಪಾಠ

ಮೊದಲು ಈ ಎರಡು ವಾಕ್ಯಗಳನ್ನು ಜೋರಾಗಿ ಓದಿ.

ಸಿ ತೇಂಗೊ ದಿನೇರೊ, ಕೋಂಪ್ರೊ ಲ ಕಾಸ.
ಸಿ ತುಬ್ಯೇರ ದಿನೇರೊ, ಕೊಂಪ್ರರೀಯ ಲ ಕಾಸ.

ಮೊದಲನೆಯದು: ದುಡ್ಡಿದ್ದರೆ ಮನೆ ತಗೊಳ್ತೀನಿ. ಎರಡನೆಯದು: ದುಡ್ಡಿದ್ದರೆ ಮನೆ ತಗೊಳ್ತಿದ್ದೆ. ಮೊದಲನೆಯವನು ಬ್ಯಾಂಕಿನಲ್ಲಿ ಎಷ್ಟಿದೆ ಅಂತ ನೋಡಿ ಹೇಳ್ತೀನಿ ಅನ್ನುತ್ತಿದ್ದಾನೆ. ಎರಡನೆಯವನ ಹತ್ತಿರ ದುಡ್ಡಿಲ್ಲ, ಅದು ಅವನಿಗೂ ಗೊತ್ತು.

ಕನ್ನಡದಲ್ಲಿ ‘ದುಡ್ಡಿದ್ದರೆ’ ಎರಡೂ ಕಡೆ ಒಂದೇ. ಬೇಕಾದರೆ ‘ಇದ್ದಿದ್ದರೆ’ ಅಂತ ಒತ್ತಿ ಹೇಳಬಹುದು, ಆದರೆ ಹೇಳಲೇಬೇಕು ಅಂತಿಲ್ಲ. ಇದು ನಿಜದ ಮಾತೋ ಊಹೆಯೋ ಅನ್ನುವುದು ವಾಕ್ಯದ ಕೊನೆಯ ಕ್ರಿಯಾಪದ ಬಂದಾಗಲೇ ನಮಗೆ ತಿಳಿಯುವುದು. ಸ್ಪ್ಯಾನಿಷ್ ಅಷ್ಟು ಹೊತ್ತು ಕಾಯುವುದಿಲ್ಲ. ‘ಸಿ’ ಆದ ಕೂಡಲೇ ತೇಂಗೊ ಬೇಕೋ ತುಬ್ಯೇರ ಬೇಕೋ ತೀರ್ಮಾನವಾಗಿರಬೇಕು. ಕನ್ನಡ ಮಾತಾಡುವವರು ಈ ವಾಕ್ಯದಲ್ಲಿ ತಡವರಿಸುವುದು ಹೆಚ್ಚಾಗಿ ಇಲ್ಲೇ. ರೂಪಗಳೆಲ್ಲ ಬಾಯಿಪಾಠ ಆಗಿರುತ್ತವೆ, ತೀರ್ಮಾನ ಮಾತ್ರ ತಡವಾಗುತ್ತದೆ.

ಓದುವ ಬಗ್ಗೆ ಒಂದು ಮಾತು. ಈ ಪಾಠ ಬಾಯಿಗೆ ಅಂತಲೇ ಬರೆದದ್ದು. ಅದಕ್ಕೇ ಸ್ಪ್ಯಾನಿಷ್ ವಾಕ್ಯಗಳು ಕನ್ನಡ ಅಕ್ಷರದಲ್ಲಿವೆ. ಒತ್ತಿ ಹೇಳಬೇಕಾದ ಕಡೆ ದೀರ್ಘ ಹಾಕಿದ್ದೇನೆ. ಉಚ್ಚಾರಣೆ ಮೆಕ್ಸಿಕೋ ಕಡೆಯದು, ಯಾಕಂದರೆ ನಿಮ್ಮಲ್ಲಿ ಜಾಸ್ತಿ ಜನ ಆಫೀಸಿನಲ್ಲಿ ಮಾತಾಡುವುದು ಅವರ ಜೊತೆ.

ಈಗ ರೂಪ. ‘ಸಿ’ ಇರುವ ಭಾಗಕ್ಕೆ ಇಂಪರ್ಫೆಕ್ಟ್ ಸಬ್ಜಂಕ್ಟಿವ್ ಬೇಕು. ಇದನ್ನು ಮಾಡಲು ಒಂದೇ ದಾರಿ, ಅದಕ್ಕೆ ಒಂದೂ ಅಪವಾದ ಇಲ್ಲ. ಪ್ರೆಟೆರಿಟ್‌ನಲ್ಲಿ ‘ಅವರು’ ರೂಪ ತೆಗೆದುಕೊಳ್ಳಿ. ಕೊನೆಯ ‘ರೊನ್’ ಬಿಡಿ. ಅಲ್ಲಿಗೆ ರ, ರಸ್, ರ, ರಮೊಸ್, ರಇಸ್, ರನ್ ಸೇರಿಸಿ. ಅಬ್ಲಾರೊನ್ ಇಂದ ಅಬ್ಲಾರ. ಕೊಮ್ಯೇರೊನ್ ಇಂದ ಕೊಮ್ಯೇರ. ತುಬ್ಯೇರೊನ್ ಇಂದ ತುಬ್ಯೇರ. ಪುದ್ಯೇರೊನ್, ಇಸ್ಯೇರೊನ್, ದುರ್ಮ್ಯೇರೊನ್ ಎಲ್ಲಕ್ಕೂ ಇದೇ ದಾರಿ. ದಿಹೇರೊನ್ ಇಂದ ದಿಹೇರ ಬರುತ್ತದೆ, ‘ದಿಹ್ಯೇರ’ ಅಲ್ಲ. ‘ಫ್ವೇರ’ ಮಾತ್ರ ಸೆರ್‌ಗೂ ಇರ್‌ಗೂ ಒಂದೇ. ಪ್ರೆಟೆರಿಟ್‌ನಲ್ಲೇ ಅವೆರಡೂ ಒಂದಾಗಿದ್ದವು, ಅಲ್ವಾ?

‘ತೆನ್ಯೇರ’ ಅಂತ ಬಾಯಿಗೆ ಬಂದರೆ ನಿಮಗೆ ಕಷ್ಟ ಆಗಿರುವುದು ಸಬ್ಜಂಕ್ಟಿವ್ ಅಲ್ಲ, ಪ್ರೆಟೆರಿಟ್. ಅಲ್ಲಿಗೆ ಹೋಗಿ ಒಂದು ಸಲ ನೋಡಿಕೊಂಡು ಬನ್ನಿ. ಇಲ್ಲಿ ಹೊಸದಾಗಿ ಬಾಯಿಪಾಠ ಮಾಡುವುದು ಏನೂ ಇಲ್ಲ.

ಒತ್ತಿನ ಕಡೆ ಗಮನ ಇರಲಿ. ‘ಅಬ್ಲಾರ’ ಅಂದರೆ ಊಹೆ. ‘ಅಬ್ಲರಾ’ ಅಂದರೆ ಭವಿಷ್ಯ, ಮಾತಾಡ್ತಾನೆ. ‘ನಾವು’ ರೂಪದಲ್ಲಿ ಒತ್ತು ಮುಂದೆ ಜಾರಬಾರದು: ಅಬ್ಲಾರಮೊಸ್, ತುಬ್ಯೇರಮೊಸ್.

‘ರ’ ಬದಲು ‘ಸೆ’ ಹಾಕಿದ ರೂಪಗಳೂ ಇವೆ: ತುಬ್ಯೇಸೆ, ಅಬ್ಲಾಸೆ. ‘ಸಿ’ ವಾಕ್ಯದಲ್ಲಿ ಅರ್ಥ ಒಂದೇ. ಎರಡೂ ಲ್ಯಾಟಿನ್‌ನಿಂದ ಬೇರೆ ಬೇರೆ ದಾರಿಯಲ್ಲಿ ಬಂದು ಇಲ್ಲಿ ಸೇರಿದವು. ಸ್ಪೇನಿನ ಬರಹದಲ್ಲಿ ಓದಿದರೆ ಗುರುತಿಸಿ, ಸಾಕು. ಮಾತಾಡುವಾಗ ‘ರ’ ಎಲ್ಲಾ ಕಡೆ ನಡೆಯುತ್ತದೆ.

ಇನ್ನೊಂದು ಭಾಗಕ್ಕೆ ಕಂಡಿಷನಲ್. ಪೂರ್ತಿ ಕ್ರಿಯಾಪದಕ್ಕೆ ‘ಈಯ’ ಸೇರಿಸುವುದು: ಕೊಂಪ್ರರೀಯ, ಇರೀಯ, ಸೆರೀಯ. ರೂಪ ಬದಲಾಗುವ 12 ಮುಖ್ಯ ಕ್ರಿಯಾಪದಗಳು ಭವಿಷ್ಯತ್ ಕಾಲದಲ್ಲಿ ನೀವು ಕಲಿತವೇ: ತೆಂದ್ರೀಯ, ಪೊದ್ರೀಯ, ಅರೀಯ, ದಿರೀಯ, ಬೆಂದ್ರೀಯ, ಸಬ್ರೀಯ ಇತ್ಯಾದಿ. ಇದು ನಿಮಗೆ ಗೊತ್ತಿರುವುದೇ. ಮುಂದೆ ಹೋಗೋಣ.

ಯಾವಾಗ ತೇಂಗೊ, ಯಾವಾಗ ತುಬ್ಯೇರ? ಪುಸ್ತಕಗಳು ‘ಆಗುವ ಸಂಗತಿಗೆ ಮೊದಲನೆಯದು, ಆಗದ ಸಂಗತಿಗೆ ಎರಡನೆಯದು’ ಅನ್ನುತ್ತವೆ. ಅಷ್ಟೇ ಹೇಳಿದರೆ ಸಾಲದು. ಇದು ಸಂಗತಿಯ ಗುಣ ಅಲ್ಲ, ಮಾತಾಡುವವರು ಅದನ್ನು ಹೇಗೆ ನೋಡುತ್ತಾರೆ ಅನ್ನುವುದು.

ಸ್ಪೇನಿನಲ್ಲಿ ಡಿಸೆಂಬರ್ 22ಕ್ಕೆ ಕ್ರಿಸ್‌ಮಸ್ ಲಾಟರಿ ತೆಗೆಯುತ್ತಾರೆ. ಮೊದಲ ಬಹುಮಾನಕ್ಕೆ ‘ಎಲ್ ಗೋರ್ದೊ’ ಅಂತ ಹೆಸರು. ಆಫೀಸಿನವರು, ಮನೆಯವರು ಸೇರಿ ಟಿಕೆಟ್ ಹಂಚಿಕೊಳ್ಳುತ್ತಾರೆ. ಹತ್ತನೇ ಒಂದು ಪಾಲಿನ ಟಿಕೆಟ್‌ಗೆ 20 ಯೂರೋ. ಟಿಕೆಟ್ ಕೈಯಲ್ಲಿ ಹಿಡಿದವರೊಬ್ಬರು ಖುಷಿಯಲ್ಲಿ ಹೀಗೆ ಹೇಳಬಹುದು:

ಸಿ ಮೆ ತೋಕ, ತೆ ಇಂಬೀತೊ ಅ ಸೆನಾರ್.
(ನನಗೆ ಬಂದರೆ ನಿನಗೆ ಊಟ ಕೊಡಿಸ್ತೀನಿ.)

ಪಕ್ಕದಲ್ಲಿ ಅದೇ ಟಿಕೆಟ್ ಹಿಡಿದ ಇನ್ನೊಬ್ಬರು:

ಸಿ ಮೆ ತೊಕಾರ, ದೆಹರೀಯ ಎಲ್ ತ್ರಬಾಹೊ.
(ನನಗೇನಾದರೂ ಬಂದರೆ ಕೆಲಸ ಬಿಟ್ಟುಬಿಡ್ತಿದ್ದೆ.)

ಬಹುಮಾನ ಬರುವ ಸಾಧ್ಯತೆ ಇಬ್ಬರಿಗೂ ಒಂದೇ. ಮೊದಲನೆಯವರು ಮಾತು ಕೊಡುತ್ತಿದ್ದಾರೆ. ಎರಡನೆಯವರು ಕನಸು ಕಾಣುತ್ತಿದ್ದಾರೆ. ಇಬ್ಬರ ವ್ಯಾಕರಣವೂ ಸರಿ. ಅದಕ್ಕೇ ‘ಇದು ಸಾಧ್ಯವೋ ಅಲ್ಲವೋ’ ಅಂತ ಲೆಕ್ಕ ಹಾಕುತ್ತಾ ಕೂರಬೇಡಿ. ನಾನು ಇದನ್ನು ನಿಜವಾಗಿ ಎದುರು ನೋಡುತ್ತಿದ್ದೇನಾ, ಇಲ್ಲಾ ಸುಮ್ನೆ ಕಲ್ಪಿಸಿಕೊಳ್ಳುತ್ತಿದ್ದೇನಾ ಅಂತ ಕೇಳಿಕೊಳ್ಳಿ.

ಮಳೆಯ ಮಾತು ತೆಗೆದುಕೊಂಡರೂ ಹೀಗೇ. ಜುಲೈನಲ್ಲಿ ಆಗುಂಬೆಯಲ್ಲಿ ನಿಂತು ‘ಸಿ ಯ್ವೇಬೆ ಮನ್ಯಾನ, ನೊ ಸಲೀಮೊಸ್’ ಅನ್ನುತ್ತೀರಿ. ನಾಳೆ ಮಳೆ ಬಂದರೆ ಹೊರಡಲ್ಲ. ಲಿಮಾದಲ್ಲಿ ಜೋರು ಮಳೆ ಅನ್ನುವುದೇ ಅಪರೂಪ, ತೆಳ್ಳಗೆ ತುಂತುರು ಬಿದ್ದರೆ ಉಂಟು. ಅಲ್ಲಿಯವರು ಹೇಳುವುದು ‘ಸಿ ಯೊಬ್ಯೇರ ಫ್ವೇರ್ತೆ ಎನ್ ಲೀಮ, ಸೆರೀಯ ಉನ್ ದೆಸಾಸ್ತ್ರೆ’. ಜೋರಾಗಿ ಮಳೆ ಬಂದುಬಿಟ್ಟರೆ ಅನಾಹುತ ಆಗುತ್ತೆ.

ಆಫೀಸಿನಲ್ಲಿ ಈ ಆಯ್ಕೆ ಇನ್ನೂ ಮುಖ್ಯ. ಮೆಕ್ಸಿಕೋ ಸಿಟಿಯ ಗ್ರಾಹಕರು ಶುಕ್ರವಾರಕ್ಕೆ ಕೆಲಸ ಮುಗಿಯಬೇಕು ಅನ್ನುತ್ತಾರೆ. ನೀವು ‘ಸಿ ತೆನೇಮೊಸ್ ದೋಸ್ ಪೆರ್ಸೋನಸ್ ಮಾಸ್, ಎಂತ್ರೆಗಾಮೊಸ್ ಎಲ್ ಬ್ಯೇರ್ನೆಸ್’ ಅಂದರೆ, ಇನ್ನಿಬ್ಬರು ಸಿಗಬಹುದು ಅಂತ ಅವರು ನಂಬುತ್ತಾರೆ. ‘ಸಿ ತುಬ್ಯೇರಮೊಸ್ ದೋಸ್ ಪೆರ್ಸೋನಸ್ ಮಾಸ್, ಎಂತ್ರೆಗರೀಯಮೊಸ್ ಎಲ್ ಬ್ಯೇರ್ನೆಸ್’ ಅಂದರೆ, ಜನ ಇಲ್ಲ, ಶುಕ್ರವಾರ ಆಗಲ್ಲ ಅನ್ನುವುದು ಮರ್ಯಾದೆಯಿಂದಲೇ ಮುಟ್ಟುತ್ತದೆ. ‘ಇಲ್ಲ’ ಅಂತ ಬಾಯಿಬಿಟ್ಟು ಹೇಳದೆ ಇಲ್ಲ ಅನ್ನುವ ಇಂಥ ಮಾತು ನಮಗೂ ಹೊಸದಲ್ಲ.

ಈಗ ದೊಡ್ಡ ತಪ್ಪಿಗೆ ಬರೋಣ. ‘ಸಿ ತೆಂದ್ರೀಯ ದಿನೇರೊ’ ಅನ್ನಬೇಡಿ. ‘ಬಂದರೆ’, ‘ಇದ್ದರೆ’ಗಳಲ್ಲಿರುವ ‘ಅರೆ’ ಅನ್ನುವ ಅರ್ಥದ ‘ಸಿ’ ಆದಮೇಲೆ ‘ಈಯ’ ರೂಪ ಬರುವುದಿಲ್ಲ. ಸ್ಪೇನಿನ ಉತ್ತರದಲ್ಲಿ, ಬಾಸ್ಕ್ ಪ್ರದೇಶ ಮತ್ತು ಅದರ ಸುತ್ತಮುತ್ತ, ಜನ ಹೀಗೆ ಮಾತಾಡುವುದನ್ನು ನೀವು ಕೇಳಬಹುದು. ಅದು ಆ ಸೀಮೆಯ ಮಾತು. ಪರೀಕ್ಷೆಯಲ್ಲಿ, ಪತ್ರದಲ್ಲಿ ಅದನ್ನು ತಪ್ಪು ಅಂತಲೇ ಎಣಿಸುತ್ತಾರೆ. ‘ಸಿ ತೇಂಗ’ ಅಂತ ಪ್ರೆಸೆಂಟ್ ಸಬ್ಜಂಕ್ಟಿವ್ ಹಾಕುವುದೂ ತಪ್ಪು.

ಆದರೆ ‘ನೊ ಸೇ ಸಿ ಬೆಂದ್ರೀಯ’ ಸರಿ. ಯಾಕೆ? ಕನ್ನಡ ಮಾಡಿ ನೋಡಿ: ‘ಅವನು ಬರ್ತಿದ್ದನೋ ಇಲ್ವೋ ಗೊತ್ತಿಲ್ಲ.’ ಇಲ್ಲಿ ‘ಅರೆ’ ಇಲ್ಲ, ‘ಓ’ ಇದೆ. ಸ್ಪ್ಯಾನಿಷ್ ಎರಡಕ್ಕೂ ಒಂದೇ ‘ಸಿ’ ಬಳಸುತ್ತದೆ, ಕನ್ನಡ ಬೇರೆ ಮಾಡುತ್ತದೆ. ಅನುಮಾನ ಬಂದಾಗ ಕನ್ನಡ ಕೇಳಿಸಿಕೊಳ್ಳಿ. ‘ಬಂದರೆ’ ಅಂತಿದ್ದರೆ ‘ಈಯ’ ಬೇಡ. ‘ಬರ್ತಾನೋ’ ಅಂತಿದ್ದರೆ ‘ಈಯ’ ಬರಬಹುದು. ನಮ್ಮ ಭಾಷೆ ಕೊಡುವ ಈ ಸಹಾಯ ಇಂಗ್ಲಿಷ್ ಮೂಲಕ ಸ್ಪ್ಯಾನಿಷ್ ಕಲಿತರೆ ಇಷ್ಟು ಸುಲಭವಾಗಿ ಸಿಗುವುದಿಲ್ಲ.

ಸಹಾಯ ಒಂದು ಕಡೆ ಸಿಕ್ಕಿದರೆ ಇನ್ನೊಂದು ಕಡೆ ತೊಡಕೂ ಇದೆ. ‘ಕೊಡ್ತಿದ್ದೆ’ ಅನ್ನುವ ಒಂದೇ ಕನ್ನಡ ಮಾತಿಗೆ ಸ್ಪ್ಯಾನಿಷ್‌ನಲ್ಲಿ ಮೂರು ರೂಪ.

ಚಿಕ್ಕವನಿದ್ದಾಗ ದಿನಾ ಕೊಡ್ತಿದ್ದೆ: ದಾಬ.
ಈಗ ನನ್ನ ಹತ್ತಿರ ಇದ್ದಿದ್ದರೆ ಕೊಡ್ತಿದ್ದೆ: ದರೀಯ.
ನಿನ್ನೆ ನೀನು ಕೇಳಿದ್ದಿದ್ದರೆ ಕೊಡ್ತಿದ್ದೆ: ಅಬ್ರೀಯ ದಾದೊ.

ಮೊದಲನೆಯದು ರೂಢಿ, ಅದರಲ್ಲಿ ಊಹೆಯೇ ಇಲ್ಲ. ಎರಡನೆಯದು ಇವತ್ತಿನ ಊಹೆ. ಮೂರನೆಯದು ಮುಗಿದುಹೋದ ಅವಕಾಶ, ಅಲ್ಲಿ ‘ಸಿ’ ಭಾಗಕ್ಕೂ ಉಬ್ಯೇರ ಬೇಕು: ಸಿ ಮೆ ಲೊ ಉಬ್ಯೇರಸ್ ಪೆದೀದೊ. ಕನ್ನಡ ಇವನ್ನು ಸಂದರ್ಭಕ್ಕೆ ಬಿಟ್ಟುಬಿಡುತ್ತದೆ. ಅದಕ್ಕೇ ನಮ್ಮವರ ಬಾಯಲ್ಲಿ ನಿನ್ನೆಯ ಮಾತಿಗೂ ‘ದರೀಯ’ ಬಂದುಬಿಡುತ್ತದೆ. ‘ಕೊಡ್ತಿದ್ದೆ’ ಅನ್ನುವ ಮೊದಲು ‘ಯಾವಾಗ?’ ಅಂತ ಕೇಳಿಕೊಂಡರೆ ಸಾಕು.

ಸ್ಪೇನಿನವರು ಆಡುಮಾತಿನಲ್ಲಿ ‘ಸಿ ತುಬ್ಯೇರ ದಿನೇರೊ, ಮೆ ಕೊಂಪ್ರಾಬ ಉನ ಕಾಸ’ ಅನ್ನುವುದುಂಟು. ಅಂದರೆ ನಮ್ಮ ‘ತಗೊಳ್ತಿದ್ದೆ’ ಥರವೇ. ಕೇಳಿದರೆ ಅರ್ಥ ಆಗಬೇಕು. ಬರೆಯುವಾಗ ಮಾತ್ರ ಕೊಂಪ್ರರೀಯ.

ವಾಕ್ಯದ ಜೋಡಣೆ ನೋಡಿ. ಕನ್ನಡದಲ್ಲಿ ‘ಅರೆ’ ಭಾಗ ಸಾಮಾನ್ಯವಾಗಿ ಮೊದಲು ಬರುತ್ತದೆ. ಹಾಗಾಗಿ ನಾವು ಸ್ಪ್ಯಾನಿಷ್‌ನಲ್ಲೂ ಯಾವಾಗಲೂ ‘ಸಿ’ ಇಂದಲೇ ಶುರು ಮಾಡುತ್ತೇವೆ. ತಪ್ಪೇನಿಲ್ಲ. ಆದರೆ ‘ಬಿಬಿರೀಯ ಎನ್ ಒಅಹಾಕ ಸಿ ಪುದ್ಯೇರ’ ಅಂತ ತಿರುಗಿಸಿ ಹೇಳುವುದನ್ನೂ ಬಾಯಿಗೆ ಅಭ್ಯಾಸ ಮಾಡಿಸಿ. ‘ಸಿ’ ಭಾಗ ಮೊದಲು ಬಂದರೆ ಅಲ್ಪವಿರಾಮ ಹಾಕಿ, ಕೊನೆಗೆ ಬಂದರೆ ಬೇಡ.

‘ಕೋಮೊ ಸಿ’ ಬಂದರೆ ಯೋಚನೆಯೇ ಬೇಡ, ಇದೇ ಸಬ್ಜಂಕ್ಟಿವ್: ಆಬ್ಲ ಕೋಮೊ ಸಿ ಫ್ವೇರ ಎಲ್ ಹೇಫೆ. ತಾನೇ ಬಾಸ್ ಅನ್ನೋ ಹಾಗೆ ಮಾತಾಡ್ತಾನೆ.

‘ನಿನ್ನ ಜಾಗದಲ್ಲಿ ನಾನಿದ್ದರೆ’ ಅನ್ನುವುದಕ್ಕೆ ‘ಸಿ ಯೋ ಫ್ವೇರ ತೂ’. ಸಲಹೆ ಕೊಡುವಾಗ ದಿನಾ ಬೇಕಾಗುವ ಮಾತು. ಇನ್ನೂ ಚಿಕ್ಕದಾಗಿ ‘ಯೋ ಕೆ ತೂ’ ಅಂದರೂ ನಡೆಯುತ್ತದೆ, ಆಮೇಲೆ ನೇರವಾಗಿ ಕಂಡಿಷನಲ್: ಯೋ ಕೆ ತೂ, ನೊ ಇರೀಯ.

ಒಂದು ಗಾದೆಯಂಥ ಮಾತು ಹೇಳಿಬಿಡುತ್ತೇನೆ, ಬಾಯಲ್ಲಿ ಉಳಿಯುತ್ತದೆ: ಸಿ ಮಿ ಅಬ್ವೇಲ ತುಬ್ಯೇರ ರ್ವೇದಸ್, ಸೆರೀಯ ಉನ ಬಿಸಿಕ್ಲೇತ. ನನ್ನಜ್ಜಿಗೆ ಚಕ್ರ ಇದ್ದಿದ್ದರೆ ಸೈಕಲ್ ಆಗ್ತಿದ್ದಳು. ‘ಅತ್ತೆಗೆ ಮೀಸೆ ಬಂದರೆ’ ಅನ್ನುವ ನಮ್ಮ ಮಾತಿನ ಜೊತೆ ಇಟ್ಟು ನೋಡಿ. ಆಗದ ಸಂಗತಿಗೂ ನಾವು ಬರೀ ‘ಬಂದರೆ’ ಅನ್ನುತ್ತೇವೆ. ಸ್ಪ್ಯಾನಿಷ್‌ಗೆ ತುಬ್ಯೇರ ಬೇಕೇ ಬೇಕು.

ಈಗ ನಿಮ್ಮ ಸರದಿ. ಇವನ್ನು ಸ್ಪ್ಯಾನಿಷ್‌ನಲ್ಲಿ ಹೇಳಿ, ಆಮೇಲೆ ಕೆಳಗೆ ನೋಡಿ.

1. ನಿಮ್ಮ ಜಾಗದಲ್ಲಿ ನಾನಿದ್ದರೆ ಆ ಕೆಲಸ ಬಿಡ್ತಿರಲಿಲ್ಲ.
2. ಸಂಜೆ ಕರೆಂಟ್ ಹೋದರೆ ನಾಳೆ ಕಳಿಸ್ತೀನಿ.
3. ನಿನ್ನೆ ಹೇಳಿದ್ದರೆ ನಾನೂ ಹೋಗ್ತಿದ್ದೆ.
4. ನಾವೇನಾದರೂ ಕರೆದರೆ ಅವನು ಬರ್ತಿದ್ದನೋ ಇಲ್ವೋ ಗೊತ್ತಿಲ್ಲ.

ಒಂದನೆಯದು: ಸಿ ಯೋ ಎಸ್ತುಬ್ಯೇರ ಎನ್ ಸು ಲುಗಾರ್, ನೊ ದೆಹರೀಯ ಏಸೆ ತ್ರಬಾಹೊ.

ಎರಡನೆಯದು: ಸಿ ಸೆ ಬಾ ಲ ಲೂಸ್ ಏಸ್ತ ತಾರ್ದೆ, ಲೊ ಮಾಂದೊ ಮನ್ಯಾನ. ಕರೆಂಟ್ ಹೋಗುವುದನ್ನು ನಾವು ನಿಜವಾಗಿ ಎದುರು ನೋಡುತ್ತೇವೆ. ಹಾಗಾಗಿ ಇಲ್ಲಿ ಸಬ್ಜಂಕ್ಟಿವ್ ಹಾಕಿದ್ದರೆ, ಪಾಠದ ಗುಂಗಿನಲ್ಲಿ ಹಾಕಿದ್ದೀರಿ ಅಂತ ಅರ್ಥ.

ಮೂರನೆಯದು: ಸಿ ಮೆ ಲೊ ಉಬ್ಯೇರಸ್ ದೀಚೊ ಅಯೇರ್, ಯೋ ತಂಬ್ಯೇನ್ ಅಬ್ರೀಯ ಈದೊ. ಇಲ್ಲಿ ಅಬ್ರೀಯ ಬದಲು ಉಬ್ಯೇರ ಈದೊ ಅಂದರೂ ಒಪ್ಪುತ್ತಾರೆ.

ನಾಲ್ಕನೆಯದು: ನೊ ಸೇ ಸಿ ಬೆಂದ್ರೀಯ ಸಿ ಲೊ ಇಂಬಿತಾರಮೊಸ್. ಒಂದೇ ವಾಕ್ಯದಲ್ಲಿ ಎರಡು ‘ಸಿ’. ಮೊದಲನೆಯದು ‘ಬರ್ತಿದ್ದನೋ’, ಹಾಗಾಗಿ ಕಂಡಿಷನಲ್. ಎರಡನೆಯದು ‘ಕರೆದರೆ’, ಹಾಗಾಗಿ ಸಬ್ಜಂಕ್ಟಿವ್. ಇದನ್ನು ತಡವರಿಸದೆ ಹೇಳಿದವರು ಮುಂದಿನ ತರಗತಿಗೆ ಇಂಥದ್ದೇ ಎರಡು ‘ಸಿ’ ಇರುವ ಒಂದು ವಾಕ್ಯ ನಿಮ್ಮ ಆಫೀಸಿನ ಮಾತಿನಿಂದ ಹುಡುಕಿ ತನ್ನಿ.